ಟೆಲಿಗ್ರಾಂ ಚಾರ್ಟ್ ಗುರುಗಳ ಟಿಪ್ಸ್ ವಿಚಾರ: ಅಳಿಯನಿಗೆ ಬರೆದ ಪತ್ರ, ಕಳಿಸುವ ಮುಂಚೆ ಒಮ್ಮೆ ಓದಿ ಹೇಳಿ

ನಿವೃತ್ತ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದು ನಿವೃತ್ತನಾದವನು. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಒಂದು ಟೆಲಿಗ್ರಾಂ ಚಾನೆಲ್‌ನ ಟಿಪ್ ನೋಡಿಕೊಂಡು ನಿಫ್ಟಿ ಆಪ್ಷನ್ ತಗೊಳ್ತಾನೆ. ಮೊನ್ನೆ ತನ್ನ ಕಾಂಟ್ರ್ಯಾಕ್ಟ್ ನೋಟ್‌ಗಳನ್ನೆಲ್ಲ ಮೇಲ್ ಮಾಡಿ "ಮಾವ, ಟ್ಯಾಕ್ಸ್‌ಗೆ ಇವೆಲ್ಲ ಬೇಕಾಗತ್ತಾ ನೋಡಿ" ಅಂದ. ಕೂತು ನೋಡಿದೆ. ಆಮೇಲೆ ಈ ಪತ್ರ ಬರೆದೆ. ಲೆಕ್ಕದಲ್ಲಿ ತಪ್ಪಿದ್ದರೆ, ಮಾತು ಒರಟಾಗಿದ್ದರೆ ಹೇಳಿ, ತಿದ್ದಿ ಕಳಿಸುತ್ತೇನೆ.

ಪ್ರೀತಿಯ ಪುಟ್ಟ,

ಟ್ಯಾಕ್ಸ್ ವಿಷಯ ಆಮೇಲೆ ಹೇಳ್ತೀನಿ. ಅದಕ್ಕಿಂತ ಮುಂಚೆ ಒಂದೇ ಒಂದು ಟಿಪ್ ಬಗ್ಗೆ ಮಾತಾಡಬೇಕು. 2025ರ ಆಗಸ್ಟ್‌ನದು. ನೀನು ಕಳಿಸಿದ ಫೋಟೋದಲ್ಲಿ ಚಾನೆಲ್‌ನವರು ಹಾಕಿದ್ದು ಇಷ್ಟು:

```
BUY NIFTY 24500 CE ABOVE 120
SL 100
TGT 130 / 150 / 200
```

120 ದಾಟಿದರೆ ಕೊಳ್ಳು, 100ಕ್ಕೆ ಬಿದ್ದರೆ ಮಾರಿ ಹೊರಗೆ ಬಾ, ಮೇಲೆ ಹೋದರೆ ಮೂರು ಟಾರ್ಗೆಟ್, ಅಂತ. ಮೆಸೇಜ್ ಬಂದಿದ್ದು, ನೀನು ನೋಡಿದ್ದು, ಆ್ಯಪ್ ತೆಗೆದಿದ್ದು, ಆರ್ಡರ್ ಹಾಕಿದ್ದು, ಇಷ್ಟರಲ್ಲಿ ಬೆಲೆ ಮುಂದಕ್ಕೆ ಹೋಗಿತ್ತು. ಕಾಂಟ್ರ್ಯಾಕ್ಟ್ ನೋಟ್ ಪ್ರಕಾರ ನೀನು ತಗೊಂಡಿದ್ದು 126ಕ್ಕೆ, ಒಂದು ಲಾಟ್, ಅಂದರೆ 75. ಸ್ವಲ್ಪ ಹೊತ್ತಿಗೆ ಅದು 131 ಮುಟ್ಟಿತು. ಚಾನೆಲ್‌ನಲ್ಲಿ ತಕ್ಷಣ "ಫಸ್ಟ್ ಟಾರ್ಗೆಟ್ ಡನ್, ಬಾಕಿ ಹೋಲ್ಡ್ ಮಾಡಿ" ಅಂತ ಬಂತು. ನೀನು 150 ಬರಲಿ ಅಂತ ಕಾದೆ. ನಿನ್ನ ಹತ್ತಿರ ಇದ್ದದ್ದು ಒಂದೇ ಲಾಟ್. ಅರ್ಧ ಮಾರಿ ಅರ್ಧ ಇಟ್ಟುಕೊಳ್ಳೋಕೆ ಆಗಲ್ಲ, ಅಲ್ವಾ? ಬೆಲೆ ಇಳಿಯಿತು. ಸ್ಟಾಪ್‌ಲಾಸ್ ಆರ್ಡರ್ ಹಾಕಿರಲಿಲ್ಲ, ಕೈಯಲ್ಲೇ ಮಾರಿದೆ. ಸಿಕ್ಕಿದ್ದು 97.

ಈಗ ಇಬ್ಬರ ಪುಸ್ತಕ ನೋಡು. ಚಾನೆಲ್ ಗುರುವಿನ ಪುಸ್ತಕದಲ್ಲಿ ಈ ಟಿಪ್ ಗೆದ್ದಿದೆ. ತಿಂಗಳ ಕೊನೆಯ ಪಟ್ಟಿಯಲ್ಲಿ ಹಸಿರು ಟಿಕ್ ಹಾಕಿ ಹತ್ತು ಪಾಯಿಂಟ್ ಲಾಭ ಅಂತ ಬರೆದುಕೊಂಡಿದ್ದಾನೆ. ನಿನ್ನ ಪುಸ್ತಕದಲ್ಲಿ 29 ರೂಪಾಯಿಯಂತೆ 75ಕ್ಕೆ 2,175 ರೂಪಾಯಿ ನಷ್ಟ. ಅದರ ಮೇಲೆ ಬ್ರೋಕರೇಜ್ ಎರಡು ಸಲಕ್ಕೆ 40, ಜೊತೆಗೆ ಎಸ್‌ಟಿಟಿ, ಎಕ್ಸ್‌ಚೇಂಜ್ ಶುಲ್ಕ, ಜಿಎಸ್‌ಟಿ, ಸ್ಟಾಂಪ್ ಡ್ಯೂಟಿ, ಎಲ್ಲ ಸೇರಿ ಸುಮಾರು 62. ಒಟ್ಟು ಹೋಗಿದ್ದು 2,237.

ಸರಿ, ನೀನು ಜಾಣತನ ಮಾಡಿ 130ಕ್ಕೇ ಮಾರಿದ್ದೆ ಅಂತಲೇ ಇಟ್ಟುಕೋ. ಬರುತ್ತಿದ್ದದ್ದು 4 ರೂಪಾಯಿಯಂತೆ 300. ಖರ್ಚು ಸುಮಾರು 65. ಕೈಗೆ 235. ಹೀಗೆ ಹತ್ತರಲ್ಲಿ ಒಂಬತ್ತು ಟಿಪ್ ಗೆದ್ದರೂ 2,115 ರೂಪಾಯಿ. ಹತ್ತನೆಯದು ಒಂದೇ ಸೋತರೆ 2,237 ಹೋಯಿತು. ಹತ್ತರಲ್ಲಿ ಒಂಬತ್ತು ಸರಿಯಾಗಿ ಹೇಳೋ ಗುರುವಿನ ಹಿಂದೆ ಹೋದರೂ ನೀನು ಕಳ್ಕೊಂಡೇ ಇರ್ತೀಯ. "90% ಅಕ್ಯುರಸಿ" ಅಂತ ಅವನು ಹಾಕೋದು ಸುಳ್ಳೇ ಆಗಿರಬೇಕಿಲ್ಲ ಪುಟ್ಟ. ನಿಜ ಇದ್ದರೂ ಅದರಿಂದ ನಿನಗೆ ಉಪಯೋಗ ಇಲ್ಲ. ಎಷ್ಟು ಸಲ ಗೆದ್ದ ಅನ್ನೋದು ಲೆಕ್ಕವೇ ಅಲ್ಲ. ಗೆದ್ದಾಗ ಎಷ್ಟು ಬಂತು, ಸೋತಾಗ ಎಷ್ಟು ಹೋಯ್ತು ಅನ್ನೋದು ಲೆಕ್ಕ.

ಮೂರು ಟಾರ್ಗೆಟ್ ಯಾಕೆ ಕೊಡ್ತಾನೆ ಅಂತ ಯೋಚನೆ ಮಾಡಿದ್ದೀಯಾ? ಮೊದಲನೆಯದನ್ನು ಹತ್ತಿರದಲ್ಲೇ ಇಡ್ತಾನೆ. ಈ ಆಪ್ಷನ್‌ಗಳು ಒಂದೇ ಗಂಟೆಯಲ್ಲಿ ಹತ್ತು ರೂಪಾಯಿ ಮೇಲೆ ಕೆಳಗೆ ಆಡ್ತಾನೇ ಇರ್ತವೆ. ಮೊದಲ ಟಾರ್ಗೆಟ್ ಒಂದು ಕ್ಷಣ ಮುಟ್ಟಿದರೆ ಸಾಕು, ಅವನ ಪಟ್ಟಿಗೆ ಗೆಲುವು. ಮೂರನೆಯದು ನಿನ್ನನ್ನು ಕೂರಿಸಿಡೋಕೆ.

ಇನ್ನು ಅವನ ಸಂಪಾದನೆ. ಚಾನೆಲ್ ಸೇರುವಾಗ ಅವನ ಲಿಂಕ್ ಮೂಲಕವೇ ಡಿಮ್ಯಾಟ್ ಖಾತೆ ತೆರೆಯಬೇಕು ಅಂದಿದ್ದ ಅಂತ ನೀನೇ ಹೇಳಿದ್ದೆ. ಅಂಥ ಲಿಂಕ್‌ಗಳಲ್ಲಿ ನೀನು ಕಟ್ಟುವ ಬ್ರೋಕರೇಜ್‌ನ ಒಂದು ಪಾಲು ಸಾಮಾನ್ಯವಾಗಿ ಲಿಂಕ್ ಕೊಟ್ಟವನಿಗೆ ಹೋಗುತ್ತದೆ. ನೀನು ಗೆದ್ದರೂ ಆ 40 ರೂಪಾಯಿ ಕಟ್ಟುತ್ತೀಯ, ಸೋತರೂ ಕಟ್ಟುತ್ತೀಯ. ಹಾಗಾಗಿ ದಿನಕ್ಕೆ ಒಂದು ಟಿಪ್ ಕೊಡೋದಕ್ಕಿಂತ ಆರು ಕೊಡೋದು ಅವನಿಗೆ ಒಳ್ಳೆಯದು. ನೀನು ಕಳಿಸಿದ ನೋಟ್‌ಗಳಲ್ಲಿ ಸೋಮವಾರಕ್ಕಿಂತ ಗುರುವಾರ, ಎಕ್ಸ್‌ಪೈರಿ ದಿನ, ಟ್ರೇಡ್ ಎಷ್ಟು ಜಾಸ್ತಿ ಇದೆ ಅಂತ ನೀನೇ ನೋಡು.

ಷೇರು ಮಾರುಕಟ್ಟೆ ನೋಡಿಕೊಳ್ಳೋ ಸೆಬಿಯವರು 2024ರ ಸೆಪ್ಟೆಂಬರ್‌ನಲ್ಲಿ ಒಂದು ಅಧ್ಯಯನ ಹೊರಗೆ ತಂದರು. 2021-22ರಿಂದ 2023-24ರ ತನಕ ಮೂರು ವರ್ಷ, ಫ್ಯೂಚರ್ಸ್ ಆಪ್ಷನ್ಸ್ ಮಾಡಿದ ಒಂದು ಕೋಟಿಗೂ ಜಾಸ್ತಿ ಸಾಮಾನ್ಯ ಜನರಲ್ಲಿ 93% ನಷ್ಟದಲ್ಲಿದ್ದರು, ತಲೆಗೆ ಸರಾಸರಿ ಸುಮಾರು 2 ಲಕ್ಷ. ಖರ್ಚೆಲ್ಲ ಕಳೆದು ಒಂದು ಲಕ್ಷಕ್ಕಿಂತ ಜಾಸ್ತಿ ಲಾಭ ಮಾಡಿದವರು 1% ಮಾತ್ರ. ಆ ಉಳಿದ ಜನರಲ್ಲೂ ಎಷ್ಟೋ ಮಂದಿ ನಿನ್ನ ಹಾಗೇ ಯಾರದೋ ಚಾರ್ಟ್ ನೋಡಿಕೊಂಡೇ ಹೋದವರು ಇರಬೇಕು.

ನಾನು ಕೇಳೋದು ಎರಡೇ. ಬ್ರೋಕರ್ ಆ್ಯಪ್‌ನಲ್ಲಿ ಲೆಡ್ಜರ್ ಸಿಗುತ್ತದೆ, ಖಾತೆ ತೆರೆದ ದಿನದಿಂದ ತೆಗೆ. ಬ್ಯಾಂಕಿನಿಂದ ಒಳಗೆ ಹಾಕಿದ ದುಡ್ಡೆಲ್ಲ ಕೂಡು. ಅದರಲ್ಲಿ ವಾಪಸ್ ತಂದಿದ್ದನ್ನು ಕಳೆ, ಇವತ್ತಿನ ಬ್ಯಾಲೆನ್ಸನ್ನೂ ಕಳೆ. ಉಳಿಯುವ ಸಂಖ್ಯೆಯನ್ನು ನನಗೆ ಹೇಳಬೇಕಾಗಿಲ್ಲ, ನೀನು ನೋಡಿದರೆ ಸಾಕು. ಎರಡನೆಯದು, ಅವನ ಟಿಪ್‌ಗಳನ್ನು ದುಡ್ಡು ಹಾಕದೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಡು. ಮೆಸೇಜ್ ಬಂದ ಸಮಯ, ನೀನು ಆ್ಯಪ್ ತೆಗೆದಾಗ ಇದ್ದ ಬೆಲೆ, ಮಾರಬೇಕಾಗಿದ್ದ ಬೆಲೆ. ಅವನು ಬರೆದ 120 ಬೇಡ, ನಿನಗೆ ಸಿಗುತ್ತಿದ್ದ ಬೆಲೆ ಬರಿ.

ಅಕ್ಕನಿಗೆ ನಾನೇನೂ ಹೇಳಿಲ್ಲ. ಹೇಳೋದೂ ಇಲ್ಲ.

ನಿನ್ನ ಮಾವ

ಮೈಸೂರು_ಟ್ರೇಡ್

ಚೆನ್ನಾಗಿದೆ ಸರ್, ಆದರೆ ಮುಖ್ಯವಾದ್ದೇ ಬಿಟ್ಟಿದ್ದೀರಿ. ಈ ಗುರುಗಳು ಮುಂಚೇನೇ ತಗೊಂಡಿರ್ತಾರೆ. ಆಮೇಲೆ ಲಕ್ಷ ಜನಕ್ಕೆ ಮೆಸೇಜ್ ಹಾಕ್ತಾರೆ, ಆ ಜನ ತಗೊಂಡಾಗ ನಿಫ್ಟಿ ಆಪ್ಷನ್ ಬೆಲೆ ಮೇಲೆ ಹೋಗತ್ತೆ, ಇವರು ಅವರಿಗೇ ಮಾರಿ ಹೊರಗೆ ಬರ್ತಾರೆ. ನಿಮ್ಮ ಅಳಿಯ 120ರ ಬದಲು 126ಕ್ಕೆ ತಗೊಂಡಿದ್ದು ಅದಕ್ಕೇ. ಇನ್ನೊಂದು, ಒಂದು ಚಾನೆಲ್‌ನಲ್ಲಿ ಕಾಲ್, ಇನ್ನೊಂದರಲ್ಲಿ ಪುಟ್ ಹೇಳೋದೂ ಇದೆ. ಯಾವುದು ಗೆಲ್ಲತ್ತೋ ಆ ಚಾನೆಲ್ ಉಳಿಸ್ಕೊಳ್ತಾರೆ. ಚಾರ್ಟ್ ಅನ್ನೋದೇ ಬೊಗಳೆ.

ಸಿಎ_ಮಂಗಳೂರು

ರಾಯರೇ, ಲೆಕ್ಕ ನೋಡಿದೆ, ಸರಿಯಾಗಿದೆ. 75ರ ಲಾಟ್ ಆಗಿನದು, 2026ರ ಜನವರಿಯಿಂದ ನಿಫ್ಟಿ ಲಾಟ್ 65. ಎಕ್ಸ್‌ಪೈರಿಯೂ 2025ರ ಸೆಪ್ಟೆಂಬರ್‌ನಿಂದ ಮಂಗಳವಾರಕ್ಕೆ ಬಂದಿದೆ. ಅಳಿಯ ಈಗಿನ ನೋಟ್ ಇಟ್ಟುಕೊಂಡು ಹೋಲಿಸಿದರೆ ಗೊಂದಲ ಆಗಬಹುದು, ಒಂದು ಸಾಲು ಸೇರಿಸಿ.

ಮೈಸೂರಿನವರ ಮಾತು ಅರ್ಧ ನಿಜ. ಮುಂಚೆ ತಗೊಂಡು ಆಮೇಲೆ ಜನರನ್ನು ಕರೆಯೋದು ನಡೆಯುತ್ತದೆ. ಆದರೆ ಅದು ನಿಫ್ಟಿಯ ಹತ್ತಿರದ ಸ್ಟ್ರೈಕ್‌ಗಳಲ್ಲಿ ಕಷ್ಟ. ಅಲ್ಲಿ ದಿನಕ್ಕೆ ಆಗುವ ವ್ಯವಹಾರದ ಮುಂದೆ ಒಂದು ಚಾನೆಲ್‌ನ ಜನ ಏನೇನೂ ಅಲ್ಲ. 120 ಇದ್ದದ್ದು 126 ಆಗೋಕೆ ನಿಫ್ಟಿಯೇ ಹತ್ತೋ ಹನ್ನೆರಡೋ ಪಾಯಿಂಟ್ ಮೇಲೆ ಹೋದರೂ ಸಾಕು. ಜನರನ್ನು ಕರೆದು ಅವರಿಗೇ ಮಾರೋದು ಸಣ್ಣ ಕಂಪನಿಗಳ ಷೇರುಗಳಲ್ಲಿ ಮತ್ತು ವ್ಯವಹಾರವೇ ಇಲ್ಲದ ಸ್ಟಾಕ್ ಆಪ್ಷನ್‌ಗಳಲ್ಲಿ. ಸಾಧನಾ ಬ್ರಾಡ್‌ಕಾಸ್ಟ್ ಪ್ರಕರಣ ನೆನಪಿರಬಹುದು. 2022ರಲ್ಲಿ ಯೂಟ್ಯೂಬ್ ಚಾನೆಲ್‌ಗಳಲ್ಲಿ ಆ ಕಂಪನಿ ಬಗ್ಗೆ ಸುಳ್ಳು ಸುದ್ದಿಯ ವಿಡಿಯೋ ಬಂತು, ಜನ ಮುಗಿಬಿದ್ದು ಕೊಂಡರು, ಮುಂಚೆಯೇ ಷೇರು ಇಟ್ಟುಕೊಂಡಿದ್ದವರು ಏರಿದ ಬೆಲೆಗೆ ಮಾರಿದರು. ಸೆಬಿ 2023ರ ಮಾರ್ಚ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ನಿಮ್ಮ ಅಳಿಯನದು ಆ ಥರದ್ದಲ್ಲ. ಅವನಿಗೆ "ಗುರು ನಿನಗೇ ಮಾರ್ತಿದ್ದಾನೆ" ಅಂತ ಬರೆದರೆ ಅವನು ನಿಫ್ಟಿ ವಾಲ್ಯೂಮ್ ತೋರಿಸಿ ನಿಮ್ಮ ಇಡೀ ಪತ್ರ ತಳ್ಳಿಹಾಕ್ತಾನೆ. ಅದಕ್ಕೇ ನೀವು ಬರೆದಿದ್ದೇ ಸರಿ.

ಅವನು "ನನ್ನ ಗುರು ತಾನೂ ದುಡ್ಡು ಹಾಕ್ತಾನೆ, ಲಾಭದ ಸ್ಕ್ರೀನ್‌ಶಾಟ್ ಇದೆ" ಅಂದರೆ ಈ ಆದೇಶ ಓದೋಕೆ ಹೇಳಿ. 2023ರ ಅಕ್ಟೋಬರ್‌ನಲ್ಲಿ ಸೆಬಿ 'ಬಾಪ್ ಆಫ್ ಚಾರ್ಟ್' ಅನ್ನೋ ಹೆಸರಲ್ಲಿ ನಡೆಯುತ್ತಿದ್ದ ವ್ಯವಹಾರದ ಮೇಲೆ ಮಧ್ಯಂತರ ಆದೇಶ ಹೊರಡಿಸಿತು. ಕೋರ್ಸ್ ಮಾರುವಾಗ ತೋರಿಸುತ್ತಿದ್ದದ್ದು ಬರೀ ಲಾಭ. ಆದರೆ 2021ರ ಜನವರಿಯಿಂದ 2023ರ ಜುಲೈ ತನಕ ಅವರದೇ ಟ್ರೇಡಿಂಗ್‌ನಲ್ಲಿ ಆಗಿದ್ದದ್ದು 2.89 ಕೋಟಿ ನಿವ್ವಳ ನಷ್ಟ ಅಂತ ಆ ಆದೇಶದಲ್ಲಿದೆ. ಜನರಿಂದ ಸಂಗ್ರಹಿಸಿದ 17 ಕೋಟಿಗೂ ಹೆಚ್ಚು ಹಣವನ್ನು ಬೇರೆ ಖಾತೆಯಲ್ಲಿ ಇಡಲು ಹೇಳಿತು. ಟ್ರೇಡಿಂಗ್‌ನಲ್ಲಿ ಕಳ್ಕೊಳ್ತಿದ್ದವರು ಟ್ರೇಡಿಂಗ್ ಕಲಿಸಿ ಸಂಪಾದಿಸ್ತಿದ್ದರು, ಅಷ್ಟೇ ವಿಷಯ.

ಹುಬ್ಬಳ್ಳಿ_ಸವಿತಾ

ನಮ್ಮ ಮನೇಲೂ ಇದೇ ಆಗಿದೆ ರೀ. ನಮ್ಮ ಯಜಮಾನರನ್ನ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ರು. ಪ್ರೊಫೆಸರ್ ಅಂತ ಒಬ್ಬರು ದಿನಾ ಚಾರ್ಟ್ ಹಾಕ್ತಿದ್ರು. ಅವರು ಕೊಟ್ಟ ಲಿಂಕಿಂದ ಒಂದು ಆ್ಯಪ್ ಹಾಕ್ಕೊಂಡು ಐಪಿಓಗೆ ಅಂತ ದುಡ್ಡು ಕಳಿಸಿದ್ರು. ಆ್ಯಪ್‌ನಲ್ಲಿ ಡಬಲ್ ಆಗಿದೆ ಅಂತ ತೋರಿಸ್ತದ. ತೆಗೀಲಿಕ್ಕೆ ಹೋದ್ರ ಮೊದಲು ಟ್ಯಾಕ್ಸ್ ಕಟ್ಟಿ ಅಂತಾರ. ಮೊನ್ನೆ ಸೋಮವಾರನೂ ಕಳಿಸ್ಯಾರ. ಇದಕ್ಕೂ ಲೆಡ್ಜರ್ ತೆಗೆದು ನೋಡಬೇಕಾ?

ಸಿಎ_ಮಂಗಳೂರು

ಸವಿತಾ ಅಕ್ಕ, ನಿಮ್ಮದು ಬೇರೆ ವಿಷಯ, ಮತ್ತು ಅರ್ಜೆಂಟ್. ಅದು ಟಿಪ್ಸ್ ಅಲ್ಲ, ಆ ಆ್ಯಪೇ ನಕಲಿ. ಅದರೊಳಗೆ ಷೇರೂ ಇಲ್ಲ, ದುಡ್ಡೂ ಇಲ್ಲ, ಬರೀ ಸಂಖ್ಯೆ. ಟ್ಯಾಕ್ಸ್ ಕಟ್ಟಿದ ಮೇಲೆ ದುಡ್ಡು ಬಿಡ್ತೀವಿ ಅಂತ ಯಾವ ಬ್ರೋಕರೂ ಕೇಳಲ್ಲ. ಇನ್ನೊಂದು ರೂಪಾಯಿ ಕಳಿಸಬೇಡಿ. ಈಗಲೇ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲೂ ದೂರು ಹಾಕಿ, ಬ್ಯಾಂಕಿಗೂ ತಿಳಿಸಿ. ಯಾವ ಖಾತೆಗೆ ಕಳಿಸಿದ್ದೀರಿ, ದುಡ್ಡು ಕಳಿಸಿದಾಗ ಬ್ಯಾಂಕ್ ಕೊಟ್ಟ ಯುಟಿಆರ್ ಸಂಖ್ಯೆ, ಸಮಯ, ಎಲ್ಲ ಕೈಲಿಟ್ಟುಕೊಂಡು ಫೋನ್ ಮಾಡಿ. ಸೋಮವಾರ ಹೋದ ದುಡ್ಡು ಆ ಖಾತೆಯಲ್ಲಿ ಇನ್ನೂ ಇದ್ದರೆ ತಡೆಯೋಕೆ ಸಾಧ್ಯ. ತಡ ಮಾಡಿದಷ್ಟೂ ಅದು ಬೇರೆ ಬೇರೆ ಖಾತೆಗೆ ಹೋಗಿಬಿಡುತ್ತದೆ. ಗ್ರೂಪಿಂದ ಹೊರಗೆ ಬರುವ ಮುಂಚೆ ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ.

ನಿವೃತ್ತ_ದಾವಣಗೆರೆ

ಸವಿತಾ ಅವರೇ, ಬ್ಯಾಂಕಿಗೆ ಫೋನಲ್ಲಿ ಹೇಳಿದ್ದರೂ ಶಾಖೆಗೆ ಹೋಗಿ ಬರವಣಿಗೆಯಲ್ಲೂ ಕೊಡಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ, ದಿನಾಂಕ ಮತ್ತು ಸಮಯದ ಜೊತೆ. ಮುಂದೆ ಬೇಕಾಗುತ್ತದೆ. ಯಜಮಾನರ ಮೇಲೆ ಈಗ ಸಿಟ್ಟು ಮಾಡಬೇಡಿ, ಅವರು ಹೆದರಿ ಏನಾದರೂ ಮುಚ್ಚಿಟ್ಟರೆ ದೂರಿನಲ್ಲಿ ಖಾತೆ ಸಂಖ್ಯೆ ಬಿಟ್ಟುಹೋಗುತ್ತದೆ.

ಕ್ಯಾಂಡಲ್_ಹುಡುಗ

ಸರ್, ಬೇಜಾರು ಮಾಡ್ಕೋಬೇಡಿ, ನಾನು ನಿಮ್ಮ ಅಳಿಯನ ವಯಸ್ಸಿನವನೇ. ನಾನೂ ಆಪ್ಷನ್ ಮಾಡ್ತೀನಿ. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕ್ತಿದ್ದೀರಿ ಅನ್ನಿಸ್ತು. ನಾನು ಫಾಲೋ ಮಾಡೋರು ಸೆಬಿ ನೋಂದಾಯಿತ ರಿಸರ್ಚ್ ಅನಲಿಸ್ಟ್. ಪ್ರತಿ ಕಾಲ್‌ಗೂ ಕಾರಣ ಬರೀತಾರೆ, ಸೋತಿದ್ದನ್ನೂ ಹಾಕ್ತಾರೆ. ನಿಮ್ಮ ಉದಾಹರಣೆಯಲ್ಲಿ ತಪ್ಪು ಟಿಪ್‌ನದಲ್ಲ, ಸ್ಟಾಪ್‌ಲಾಸ್ ಆರ್ಡರ್ ಹಾಕದೇ ಇದ್ದದ್ದು. 100ಕ್ಕೇ ಹೊರಗೆ ಬಂದಿದ್ರೆ ನಷ್ಟ ಕಮ್ಮಿ ಆಗ್ತಿತ್ತು. ಒಂದು ಲಾಟ್ ಇಟ್ಕೊಂಡು ಎರಡನೇ ಟಾರ್ಗೆಟ್‌ಗೆ ಕಾಯೋದು ಅವನ ತೀರ್ಮಾನ.

ನಿವೃತ್ತ_ದಾವಣಗೆರೆ

ಬೇಜಾರು ಯಾಕಪ್ಪ, ನೀನು ಹೇಳಿದ್ದನ್ನೂ ಲೆಕ್ಕ ಹಾಕಿ ನೋಡಿದೆ. ಸರಿಯಾಗಿ 100ಕ್ಕೇ ಮಾರಿದ್ದರೂ 26 ರೂಪಾಯಿಯಂತೆ 1,950 ನಷ್ಟ, ಖರ್ಚು ಸೇರಿ 2,012. 235ರ ಎಂಟು ಗೆಲುವು ಬೇಕು ಅದನ್ನು ಮುಚ್ಚೋಕೆ, ಆದರೂ ನೂರು ಚಿಲ್ಲರೆ ಬಾಕಿ. ಸ್ಟಾಪ್‌ಲಾಸ್ ಹಾಕಿದ್ದರೆ ಗಾಯ ಸ್ವಲ್ಪ ಸಣ್ಣದಾಗುತ್ತಿತ್ತು, ಲೆಕ್ಕ ಬದಲಾಗುತ್ತಿರಲಿಲ್ಲ. 120ಕ್ಕೆ ಕೊಂಡವನಿಗೆ ನಷ್ಟ 20, ಲಾಭ 10. ಇವನಿಗೆ 26ಕ್ಕೆ 4. ತಡವಾಗಿ ಬರೋರಿಗೆ ಈ ಟಿಪ್ ಬೇರೆಯದೇ ಟಿಪ್ ಆಗಿಬಿಡುತ್ತದೆ. ಕಾಯೋದು ಅವನ ತೀರ್ಮಾನ ಅಂದೆ, ಆದರೆ "ಹೋಲ್ಡ್ ಮಾಡಿ" ಅಂತ ಬರೆದವರು ಯಾರು?

ಸಿಎ_ಮಂಗಳೂರು

ಹುಡುಗ ಹೇಳಿದ ನೋಂದಣಿ ವಿಷಯ ಮುಖ್ಯ. ರಿಸರ್ಚ್ ಅನಲಿಸ್ಟ್ ನೋಂದಣಿ ಸಂಖ್ಯೆ INH ಅಂತ ಶುರುವಾಗುತ್ತದೆ, ಹೂಡಿಕೆ ಸಲಹೆಗಾರರದು INA. ಚಾನೆಲ್‌ನಲ್ಲಿ ಹಾಕಿದ್ದಾರೆ ಅಂತ ನಂಬಬೇಡಿ, ಬೇರೆಯವರ ಸಂಖ್ಯೆ ಕದ್ದು ಹಾಕಿಕೊಳ್ಳೋರು ಇದ್ದಾರೆ. ಸೆಬಿ ವೆಬ್‌ಸೈಟ್‌ನಲ್ಲಿ ಸಂಖ್ಯೆ ಹಾಕಿ, ಅಲ್ಲಿ ಬರುವ ಹೆಸರು, ಮೇಲ್, ಫೋನ್ ಚಾನೆಲ್‌ನವರದೇನಾ ಅಂತ ತಾಳೆ ನೋಡಿ. ನೋಂದಾಯಿತರು ಲಾಭದ ಭರವಸೆ ಕೊಡುವಂತಿಲ್ಲ, ಸಾಮಾನ್ಯ ಗ್ರಾಹಕರ ಒಂದು ಕುಟುಂಬದಿಂದ ವರ್ಷಕ್ಕೆ 1.51 ಲಕ್ಷಕ್ಕಿಂತ ಜಾಸ್ತಿ ಶುಲ್ಕ ತಗೊಳ್ಳುವಂತಿಲ್ಲ.

"ನಾವು ಟಿಪ್ಸ್ ಕೊಡಲ್ಲ, ಬರೀ ಶಿಕ್ಷಣ" ಅನ್ನೋರಿಗೂ 2025ರ ಜನವರಿಯಲ್ಲಿ ಸೆಬಿ ಒಂದು ಅಳತೆ ಹಾಕಿತು. ಶಿಕ್ಷಣ ಮಾತ್ರ ಕೊಡುವವರು ಹಿಂದಿನ ಮೂರು ತಿಂಗಳ ಬೆಲೆಯನ್ನು ಬಳಸಿ ಷೇರುಗಳ ಬಗ್ಗೆ ಮಾತಾಡುವಂತಿಲ್ಲ ಅಂತ ಆಗ ಹೇಳಿತು. ಇವತ್ತಿನ ಚಾರ್ಟ್ ಮೇಲೆ ಗೆರೆ ಎಳೆದು ಎಲ್ಲಿಗೆ ಹೋಗತ್ತೆ ಅಂತ ಹೇಳ್ತಿದ್ದರೆ ಅದು ಪಾಠ ಅಲ್ಲ. ಅಳಿಯನ ಚಾನೆಲ್ ಹಿಡಿಯೋಕೆ ಇಷ್ಟು ಸಾಕು.

ಆದರೆ ಹುಡುಗಾ, ನೋಂದಣಿ ಇದ್ದ ಮಾತ್ರಕ್ಕೆ ಟಿಪ್ ಒಳ್ಳೆಯದು ಅಂತಲ್ಲ. ತಪ್ಪು ಮಾಡಿದರೆ ದೂರು ಕೊಡೋಕೆ ಒಂದು ವಿಳಾಸ ಇದೆ ಅಂತ ಅಷ್ಟೇ. ನಿಮ್ಮ ಲೆಡ್ಜರ್ ನೀವೂ ನೋಡಿ.

ಕ್ಯಾಂಡಲ್_ಹುಡುಗ

ನೋಡಿದೆ ಮೇಡಂ. ಎರಡು ವರ್ಷದಲ್ಲಿ ಸ್ವಲ್ಪ ಮೈನಸ್. ಆದರೆ ಮೊದಲ ವರ್ಷ ನಾನೇ ಮನಸ್ಸಿಗೆ ಬಂದ ಹಾಗೆ ಮಾಡಿದ್ದೆ, ಇವರನ್ನು ಸೇರಿದ ಮೇಲಿನದನ್ನು ಬೇರೆ ಮಾಡಿದರೆ ಪ್ಲಸ್ ಇದೆ. ಚಂದಾ ಕಳೆದಿಲ್ಲ ಇನ್ನೂ.

ಸಿಎ_ಮಂಗಳೂರು

ಚಂದಾ ಕಳೆಯಿರಿ, ಆಮೇಲೆ ಹೇಳಿ.

ರಾಯರೇ, ನಿಮ್ಮ ಅಳಿಯ ಕೇಳಿದ ಟ್ಯಾಕ್ಸ್ ವಿಷಯಕ್ಕೂ ಒಂದು ಮಾತು. ಆಪ್ಷನ್ ನಷ್ಟ ವ್ಯಾಪಾರದ ನಷ್ಟ ಅಂತ ಲೆಕ್ಕ. ಸಂಬಳದವರು ರೂಢಿಯಂತೆ ಐಟಿಆರ್-1 ಹಾಕಿ ಸುಮ್ನಾಗ್ತಾರೆ, ಅದು ತಪ್ಪು. ಐಟಿಆರ್-3 ಹಾಕಬೇಕು, ಅದೂ ಗಡುವಿನೊಳಗೆ. ಆಗ ಮಾತ್ರ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಸಂಬಳದ ಜೊತೆ ಹೊಂದಿಸೋಕೆ ಬರಲ್ಲ. ನಿಜ ಹೇಳಬೇಕು ಅಂದರೆ ನನ್ನ ಹತ್ತಿರ ಬರೋ ಹುಡುಗರಿಗೆ ತಮ್ಮ ಒಟ್ಟು ನಷ್ಟ ಗೊತ್ತಾಗೋದೇ ಈ ಫಾರಂ ತುಂಬುವಾಗ.

ತುಮಕೂರು_ಮೇಷ್ಟ್ರು

ಪತ್ರ ಉದ್ದ ಆಯಿತು ಅಂತ ನನ್ನ ಅಭಿಪ್ರಾಯ. ಈಗಿನವರು ಇಷ್ಟು ಓದಲ್ಲ. ಎಫ್‌ಡಿಯಲ್ಲಿ ಹಾಕು, ಇಲ್ಲ ಇಂಡೆಕ್ಸ್ ಫಂಡ್‌ನಲ್ಲಿ ಹಾಕು ಅಂತ ನೇರ ಹೇಳಿಬಿಡಿ.

ನಿವೃತ್ತ_ದಾವಣಗೆರೆ

ಮೇಷ್ಟ್ರೇ, ಎಲ್ಲಿ ಹಾಕು ಅಂತ ನಾನು ಹೇಳಿದರೆ ಅವನಿಗೆ ಟಿಪ್ ಕೊಡೋ ಇನ್ನೊಬ್ಬ ಸಿಕ್ಕಿದ ಹಾಗಾಯ್ತು. ಅವನ ದುಡ್ಡಿನ ಲೆಕ್ಕ ಅವನೇ ಇಡಲಿ ಅಂತ ನನ್ನ ಆಸೆ. ಅವನು ಓದುತ್ತಾನೆ, ಸಣ್ಣವನಿದ್ದಾಗಿಂದ ನನ್ನ ಪತ್ರ ಓದಿದ್ದಾನೆ. ಸಿಎ ಮೇಡಂ ಹೇಳಿದ ಲಾಟ್, ಎಕ್ಸ್‌ಪೈರಿ, ಐಟಿಆರ್-3 ಸೇರಿಸುತ್ತೇನೆ. ಬಾಪ್ ಆಫ್ ಚಾರ್ಟ್ ವಿಷಯವೂ ಸೇರಿಸುತ್ತೇನೆ.

ತುಮಕೂರು_ಮೇಷ್ಟ್ರು

ಹಾಗಾದರೂ ಸರಿ. ಆದರೆ ಮುಂದೆ ಉಳಿತಾಯ ಎಲ್ಲಿ ಅಂತ ಅವನು ಕೇಳೇ ಕೇಳ್ತಾನೆ, ಆಗ ಉತ್ತರ ಬೇಕಲ್ಲ.

ಮೈಸೂರು_ಟ್ರೇಡ್

ನೋಟ್‌ಬುಕ್ ಐಡಿಯಾಗೆ ಒಂದು ಸೇರಿಸಿ ಸರ್. ಸೋತ ಟಿಪ್‌ಗಳನ್ನು ಅಡ್ಮಿನ್ ಆಮೇಲೆ ಡಿಲೀಟ್ ಮಾಡ್ತಾನೆ, ಚಾನೆಲ್‌ನಲ್ಲಿ ಗುರುತೂ ಉಳಿಯಲ್ಲ. ಮೆಸೇಜ್ ಬಂದ ಕೂಡಲೇ ಟೆಲಿಗ್ರಾಂನಲ್ಲಿ Saved Messages ಗೆ ಫಾರ್ವರ್ಡ್ ಮಾಡ್ಕೊಳ್ಳೋಕೆ ಹೇಳಿ. ಮೂಲ ಅಳಿಸಿದರೂ ಆ ಪ್ರತಿ ಇರತ್ತೆ. ತಿಂಗಳ ಕೊನೆಗೆ ಚಾನೆಲ್ ಮೇಲಕ್ಕೆ ಸ್ಕ್ರೋಲ್ ಮಾಡಿ ಯಾವುದು ಕಾಣೆ ಆಗಿದೆ ಅಂತ ನೋಡಲಿ.

ಹುಬ್ಬಳ್ಳಿ_ಸವಿತಾ

1930ಕ್ಕೆ ಹಚ್ಚಿದ್ದೆವು ರೀ, ದೂರು ತಗೊಂಡ್ರು, ನಂಬರ್ ಕೊಟ್ಟಾರ. ಬ್ಯಾಂಕಿಗೆ ನಾಳೆ ಬೆಳಗ್ಗೆ ಇಬ್ಬರೂ ಹೋಗ್ತೇವಿ. ನಮ್ಮ ಮನೆಯವರು ಮೂರು ಖಾತೆ ನಂಬರ್ ಕೊಟ್ಟರು, ನನಗ ಒಂದೇ ಗೊತ್ತಿತ್ತು.

ನಿವೃತ್ತ_ದಾವಣಗೆರೆ

ಒಳ್ಳೆಯದಾಯ್ತು ತಾಯಿ. ಮೂರನ್ನೂ ಅರ್ಜಿಯಲ್ಲಿ ಬರೆಯಿರಿ, ಪ್ರತಿಯೊಂದಕ್ಕೂ ಎಷ್ಟು, ಯಾವತ್ತು ಅಂತ ಬೇರೆ ಬೇರೆ ಸಾಲಿನಲ್ಲಿ. ದೂರಿನ ಸಂಖ್ಯೆಯನ್ನು ಮೇಲೆಯೇ ಹಾಕಿ.

ಮೈಸೂರಿನವರೇ, ಆ ಫಾರ್ವರ್ಡ್ ಉಪಾಯ ಚೆನ್ನಾಗಿದೆ. ಈ ಚಾನೆಲ್‌ನಲ್ಲಿ ಫಾರ್ವರ್ಡ್ ಆಗಲ್ಲ, ಸ್ಕ್ರೀನ್‌ಶಾಟ್ ಕೂಡ ಬರಲ್ಲ ಅಂತ ಅವನು ಒಂದು ಸಲ ಹೇಳಿದ್ದ. ನನಗೆ ಕಳಿಸಿದ್ದು ಸ್ನೇಹಿತನ ಫೋನಿನಿಂದ ತೆಗೆದ ಫೋಟೋ. ಹಾಗಿದ್ದರೆ?

ಮೈಸೂರು_ಟ್ರೇಡ್

ಅಂದರೆ ಅಡ್ಮಿನ್ ಬೇಕಂತಲೇ ಅದನ್ನು ಬಂದ್ ಮಾಡಿದ್ದಾನೆ. ಹಾಗಿದ್ದರೆ ನಿಮ್ಮ ನೋಟ್‌ಬುಕ್ಕೇ ಸರಿ ಸರ್, ಪೆನ್ನಲ್ಲೇ ಬರೀಲಿ. ಮೆಸೇಜ್ ಪೂರ್ತಿ, ಸ್ಟಾಪ್‌ಲಾಸ್ ಸಮೇತ.